8.30ಕ್ಕೆ ಮಲಗಿಸಿದರೆ ನಿದ್ದೆ ಬರುವುದು 10.45ಕ್ಕೆ. ಇನ್ನೂ ಬೇಗ ಮಲಗಿಸಬೇಕಾ?

ವಿದ್ಯಾ, ನೀರ್ಚಾಲು · ಜುಲೈ 2
ಮಗನಿಗೆ 5 ವರ್ಷ. ಬೆಳವಣಿಗೆ ನಿಧಾನ ಅಂತ ಡಾಕ್ಟರು ಹೇಳಿದ್ದಾರೆ. ಒಂದೊಂದೇ ಪದ ಮಾತಾಡುತ್ತಾನೆ, ಮುಟ್ಟಿದರೆ ಆಗುವುದಿಲ್ಲ, ಕೆಲವು ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ವಾರಕ್ಕೆ 2 ದಿನ ಮಂಗಳೂರಿಗೆ ಥೆರಪಿಗೆ ಹೋಗುತ್ತೇವೆ.

ರಾತ್ರಿ ನಮ್ಮ ಮನೆಯಲ್ಲಿ ಹೀಗೆ ನಡೆಯುತ್ತದೆ. 7.45ಕ್ಕೆ ಅತ್ತೆ ಬಿಸಿನೀರಿನ ಸ್ನಾನ ಮಾಡಿಸುತ್ತಾರೆ, ನಿದ್ದೆ ಚೆನ್ನಾಗಿ ಬರಲಿ ಅಂತ. ಮತ್ತೆ ತೆಂಗಿನೆಣ್ಣೆ ಹಚ್ಚಿ ಕಾಲು ತಿಕ್ಕುವುದು, ಊಟ, 8.30ಕ್ಕೆ ಸೀರೆಯ ಜೋಕಾಲಿಯಲ್ಲಿ ತೂಗುವುದು. ಸ್ನಾನದಲ್ಲೇ ಕಿರುಚಾಟ ಶುರು. ಜೋಕಾಲಿಯಿಂದ ಇಳಿದು ಓಡುತ್ತಾನೆ, ನಗುತ್ತಾನೆ, ಗೋಡೆಗೆ ಬೆನ್ನು ಗುದ್ದುತ್ತಾನೆ. ನಿದ್ದೆ ಹಿಡಿಯುವಾಗ ಹತ್ತೂ ಮುಕ್ಕಾಲು. ನಡುರಾತ್ರಿ ಎದ್ದರೆ ಮತ್ತೆ ಒಂದೂವರೆ ಗಂಟೆ ತೂಗಬೇಕು. ನಾನೂ ಇವರೂ ಸರದಿಯಲ್ಲಿ ಏಳುತ್ತೇವೆ, ಇಬ್ಬರಿಗೂ ನಿದ್ದೆ ಇಲ್ಲ.

ಸುಸ್ತಾದ ಮಗು ಜಾಸ್ತಿ ಹಾರಾಡುತ್ತದೆ, 7.30ಕ್ಕೇ ಮಲಗಿಸು ಅಂತ ನನ್ನ ಅಕ್ಕ ಹೇಳುತ್ತಾಳೆ. ಮಾಡಿ ನೋಡಿದವರು ಇದ್ದೀರಾ?

ಕಮಲಾಕ್ಷಿ, ಮುಳ್ಳೇರಿಯ · ಜುಲೈ 2
ಮೊಬೈಲ್ ಕೊಡುವುದನ್ನು ನಿಲ್ಲಿಸಿ ನೋಡಿ. ನನ್ನ ಮೊಮ್ಮಗ ಹೀಗೇ ಇದ್ದ. 9 ವರ್ಷ, ರಾತ್ರಿ 12ರ ತನಕ ಆಟ. ಅವನ ಅಪ್ಪ ಫೋನು ಕಪಾಟಿನಲ್ಲಿಟ್ಟು ಬೀಗ ಹಾಕಿದ, ಒಂದು ವಾರದಲ್ಲಿ ಎಲ್ಲ ಸರಿಯಾಯಿತು.

ವಿದ್ಯಾ, ನೀರ್ಚಾಲು · ಜುಲೈ 2
ಇಲ್ಲ ಅಮ್ಮ, ಅವನು ಮೊಬೈಲ್ ನೋಡುವುದೇ ಇಲ್ಲ. ಅದರ ಸದ್ದೇ ಅವನಿಗೆ ಆಗುವುದಿಲ್ಲ.

ಹರೀಶ, ಉಪ್ಪಳ · ಜುಲೈ 2
ಭಾರದ ಹೊದಿಕೆ ತರಿಸಿ. ಒಳಗೆ ಗಾಜಿನ ಮಣಿ ತುಂಬಿರುತ್ತದೆ, ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಭಾರದ್ದು ಬೇಕು. ನಿಮ್ಮ ಮಗ ಗೋಡೆಗೆ ಬೆನ್ನು ಗುದ್ದುತ್ತಾನೆ ಅಂದಿರಲ್ಲ, ಅದರ ಅರ್ಥವೇ ಅದು, ಮೈಗೆ ಒತ್ತಡ ಬೇಕು ಅಂತ ಕೇಳುತ್ತಿದ್ದಾನೆ. ನನ್ನ ಮಗಳಿಗೆ 7 ವರ್ಷ, ಆಟಿಸಂ. ಹೊದಿಕೆ ಬಂದ ದಿನದಿಂದ ತಾನಾಗಿಯೇ ಮಲಗುತ್ತಾಳೆ. ಬೇರೆ ಏನೂ ಬೇಡ.

ಓಟಿ ಶ್ರೀಲತಾ, ಕುಂಬಳೆ · ಜುಲೈ 3
ನಾನು ಒಕ್ಯುಪೇಷನಲ್ ಥೆರಪಿಸ್ಟ್. ಮಗುವನ್ನು ನೋಡದೆ ಹೀಗೇ ಮಾಡಿ ಅಂತ ಹೇಳುವುದಿಲ್ಲ. ನಿಮ್ಮ ಥೆರಪಿಸ್ಟ್ ಹತ್ತಿರ ಕೇಳಲಿಕ್ಕೆ ಕೆಲವು ವಿಷಯ ಹೇಳುತ್ತೇನೆ.

ಮೊದಲನೆಯದು, ಬೇಗ ಮಲಗಿಸಬೇಡಿ. ನಿಮ್ಮ ಅಕ್ಕ ಹೇಳಿದ್ದರಲ್ಲಿ ಅರ್ಧ ನಿಜ. ಸುಸ್ತಾದ ಮಗು ಹಾರಾಡುವುದು ಉಂಟು. ಆದರೆ 8.30ಕ್ಕೆ ಮಲಗಿಸಿ 10.45ಕ್ಕೆ ನಿದ್ದೆ ಬರುತ್ತದೆ ಅಂದರೆ ದಿನಾ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಆ ಮಗು ಹಾಸಿಗೆಯಲ್ಲಿ ಎಚ್ಚರವಾಗಿ ಜಗಳವಾಡುವುದನ್ನು ಕಲಿಯುತ್ತಿದೆ. ಹಾಸಿಗೆ ಅಂದರೆ ಓಡುವ ಜಾಗ ಅಂತಾಗಿದೆ. 7.30 ಮಾಡಿದರೆ ಆ ಎರಡು ಗಂಟೆ ಮೂರಾಗುತ್ತದೆ.

ಎರಡನೆಯದು, ಏನನ್ನೂ ಬದಲಾಯಿಸುವ ಮೊದಲು 14 ದಿನ ಬರೆದಿಡಿ. ನೀವು ಮಲಗಿಸಿದ ಹೊತ್ತಲ್ಲ, ಅವನಿಗೆ ನಿಜವಾಗಿ ನಿದ್ದೆ ಬಂದ ಹೊತ್ತು ಬೇಕು. ಎದ್ದ ಹೊತ್ತು, ಹಗಲು ಎಲ್ಲಿ ಎಷ್ಟು ನಿದ್ದೆ, ರಾತ್ರಿ ಎದ್ದಾಗ ಮನೆಯಲ್ಲಿ ಏನಾಗುತ್ತಿತ್ತು, ಇಷ್ಟನ್ನೂ ಬರೆಯಿರಿ. ಕ್ಯಾಲೆಂಡರಿನ ಹಿಂಬದಿ ಸಾಕು.

ಮೂರನೆಯದು, ಮಕ್ಕಳ ಡಾಕ್ಟರಿಗೆ ಇದನ್ನು ಹೇಳಿದ್ದೀರಾ? ಗೊರಕೆ, ಬಾಯಿಯಲ್ಲಿ ಉಸಿರಾಟ, ಮಲಬದ್ಧತೆ, ರಾತ್ರಿ ಕಾಲು ಒದೆಯುವುದು ಇದ್ದರೆ ಮೊದಲು ಅದನ್ನು ನೋಡಬೇಕು. ಕಾಲು ಒದೆಯುವ ಮಕ್ಕಳಿಗೆ ಕಬ್ಬಿಣದ ಅಂಶ ಕಡಿಮೆಯಾ ಅಂತ ಫೆರಿಟಿನ್ ಪರೀಕ್ಷೆ ಮಾಡಿಸುತ್ತಾರೆ. ಹಿಮೋಗ್ಲೋಬಿನ್ ಸರಿ ಇದ್ದರೂ ಅದು ಕಡಿಮೆ ಇರಬಹುದು.

ಹರೀಶರೇ, ನಿಮ್ಮ ಮಗಳಿಗೆ ಒಗ್ಗಿದ್ದು ಸಂತೋಷ. ಒತ್ತಡ ಬೇಕಾಗಿರಬಹುದು ಅಂತ ನೀವು ಹೇಳಿದ್ದೂ ಸರಿಯಿರಬಹುದು. ಆದರೆ 2014ರಲ್ಲಿ ಇಂಗ್ಲೆಂಡಿನಲ್ಲಿ ಆಟಿಸಂ ಇರುವ ಮಕ್ಕಳಿಗೆ ಭಾರದ ಹೊದಿಕೆ, ಮಾಮೂಲಿ ಹೊದಿಕೆ ಎರಡನ್ನೂ ಕೊಟ್ಟು ಅಳೆದು ನೋಡಿದರು. ಮಕ್ಕಳಿಗೂ ತಂದೆ ತಾಯಿಗೂ ಭಾರದ್ದೇ ಇಷ್ಟವಾಯಿತು, ನಿದ್ದೆಯ ಹೊತ್ತು ಮಾತ್ರ ಹೆಚ್ಚಾಗಲಿಲ್ಲ. ತಾನೇ ತೆಗೆದು ಎಸೆಯಲಿಕ್ಕೆ ಆಗದ ಮಗುವಿಗೆ ಅದು ಅಪಾಯ. ಉಸಿರಾಟದ ತೊಂದರೆ, ಅಪಸ್ಮಾರ ಇದ್ದರೂ ಬೇಡ.

ಹರೀಶ, ಉಪ್ಪಳ · ಜುಲೈ 3
ಅಳತೆಯಲ್ಲಿ ಏನು ಬಂತೋ ಗೊತ್ತಿಲ್ಲ ಮೇಡಂ, ನನ್ನ ಮನೆಯಲ್ಲಿ ಕಣ್ಣಾರೆ ನೋಡುತ್ತಿದ್ದೇನೆ. ಏಪ್ರಿಲ್ ಮೇಯಲ್ಲಿ ಬೆವರಿ ಒದ್ದು ಎಸೆಯುತ್ತಾಳೆ, ಅದು ಹೌದು. ಆಗ ನಿದ್ದೆಯೂ ಕೆಡುತ್ತದೆ.

ಗೀತಾ, ಬದಿಯಡ್ಕ · ಜುಲೈ 3
ಗೊರಕೆಯ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಡೌನ್ ಸಿಂಡ್ರೋಮ್. ರಾತ್ರಿ ಕೂತುಕೊಂಡು, ಕುತ್ತಿಗೆ ಹಿಂದಕ್ಕೆ ಹಾಕಿ ಮಲಗುತ್ತಿದ್ದಳು. ಅಭ್ಯಾಸ ಅಂತ ಎರಡು ವರ್ಷ ಸುಮ್ನೆ ಬಿಟ್ಟೆವು, ದೀಪ ಆರಿಸು, ಹಾಡು ಹೇಳು ಅಂತ ಏನೇನೋ ಮಾಡಿದೆವು. ಕೊನೆಗೆ ಡಾಕ್ಟರು ಫೋನಿನಲ್ಲಿ ವಿಡಿಯೋ ತೆಗೆದು ತನ್ನಿ ಅಂದರು. ನೋಡಿದರೆ ನಡುನಡುವೆ ಉಸಿರೇ ನಿಲ್ಲುತ್ತಿತ್ತು. ಮೂಗಿನ ಹಿಂಬದಿಯ ಅಡಿನಾಯ್ಡ್ ತೆಗೆದ ಮೇಲೆ ಮಲಗುವ ರೀತಿಯೇ ಬದಲಾಯಿತು. ಡೌನ್ ಇರುವ ಮಕ್ಕಳಿಗೆ ಗೊರಕೆ ಇಲ್ಲದಿದ್ದರೂ 4 ವರ್ಷದ ಒಳಗೆ ನಿದ್ದೆಯ ಪರೀಕ್ಷೆ ಮಾಡಿಸಬೇಕಂತೆ, ನಮಗೆ ಯಾರೂ ಹೇಳಿರಲಿಲ್ಲ.

ಅಬ್ದುಲ್ಲ, ಮಂಜೇಶ್ವರ · ಜುಲೈ 4
ನನ್ನ ತಮ್ಮ ದುಬೈಯಿಂದ ಮೆಲಟೋನಿನ್ ಗಮ್ಮಿ ತಂದಿದ್ದ. ಮಿಠಾಯಿ ಹಾಗೆ ಇರುತ್ತದೆ, ಮಕ್ಕಳು ತಿನ್ನುತ್ತಾರೆ. ಒಂದು ಕೊಟ್ಟರೆ ಅರ್ಧ ಗಂಟೆಯಲ್ಲಿ ನಿದ್ದೆ. ಔಷಧಿ ಅಲ್ಲ, ಮೈಯಲ್ಲಿ ಇರುವುದೇ ಅಂತೆ. ಬೇಕಿದ್ದರೆ ಹೇಳಿ ಅಕ್ಕ, ಕಳಿಸುತ್ತೇನೆ.

ಓಟಿ ಶ್ರೀಲತಾ, ಕುಂಬಳೆ · ಜುಲೈ 4
ದಯವಿಟ್ಟು ಕಳಿಸಬೇಡಿ. ಮೆಲಟೋನಿನ್ ಕೆಟ್ಟದ್ದು ಅಂತ ಅಲ್ಲ, ಕೆಲವು ಮಕ್ಕಳಿಗೆ ಡಾಕ್ಟರೇ ಬರೆದು ಕೊಡುತ್ತಾರೆ. ಆದರೆ ಮೊದಲು ದಿನಚರಿ ಸರಿ ಮಾಡಿ ನೋಡಿ, ಆಮೇಲೂ ಆಗದಿದ್ದರೆ ಕಡಿಮೆ ಪ್ರಮಾಣದಲ್ಲಿ ಶುರು ಮಾಡುವುದು ಕ್ರಮ. ಎಷ್ಟು, ಎಷ್ಟು ಹೊತ್ತಿಗೆ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಗಮ್ಮಿಯ ಕಥೆ ಬೇರೆ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಗಮ್ಮಿ ಪರೀಕ್ಷಿಸಿದಾಗ 22ರಲ್ಲಿ ಚೀಟಿಯಲ್ಲಿ ಬರೆದದ್ದಕ್ಕೂ ಒಳಗೆ ಇದ್ದದ್ದಕ್ಕೂ ಹೊಂದಿಕೆ ಇರಲಿಲ್ಲ. ಒಂದು ಗಮ್ಮಿ ಅಂದರೆ ಎಷ್ಟು ಕೊಟ್ಟ ಹಾಗಾಯಿತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ವಿದ್ಯಾ, ನೀರ್ಚಾಲು · ಜುಲೈ 4
ಕೆಮ್ಮಿನ ಸಿರಪ್ ಅರ್ಧ ಚಮಚ ಕೊಟ್ಟರೆ ಮಲಗುತ್ತಾನೆ ಅಂತ ನಮ್ಮ ಮನೆಗೆ ಬಂದವರೊಬ್ಬರು ಹೇಳಿದರು. ಅದೂ ಬೇಡ ಅಲ್ವಾ?

ಓಟಿ ಶ್ರೀಲತಾ, ಕುಂಬಳೆ · ಜುಲೈ 4
ಬೇಡವೇ ಬೇಡ. ಕೆಲವು ಮಕ್ಕಳು ಅದರಿಂದ ಇನ್ನೂ ಜಾಸ್ತಿ ಕೆರಳುತ್ತಾರೆ. ಉಸಿರಾಟಕ್ಕೂ ಒಳ್ಳೆಯದಲ್ಲ. ಬರೆಯಲಿಕ್ಕೆ ಶುರು ಮಾಡಿ.

ವಿದ್ಯಾ, ನೀರ್ಚಾಲು · ಜುಲೈ 19
14 ರಾತ್ರಿ ಬರೆದೆ. ನಿನ್ನೆ ನಮ್ಮ ಥೆರಪಿಸ್ಟ್‌ಗೆ ತೋರಿಸಿದೆವು. ಡಾಕ್ಟರೂ ನೋಡಿದರು, ಗೊರಕೆ ಇಲ್ಲ, ಹೊಟ್ಟೆ ಸರಿ ಉಂಟು, ರಕ್ತದಲ್ಲೂ ತೊಂದರೆ ಇಲ್ಲ.

ಬರೆಯದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮಾಮೂಲಿ 10 ದಿನ ನಿದ್ದೆ ಬಂದದ್ದು ಸರಾಸರಿ 10.30ಕ್ಕೆ. ಥೆರಪಿಯ 4 ದಿನ 11.40. ಥೆರಪಿಯಲ್ಲಿ ಏನೋ ಜಾಸ್ತಿ ಮಾಡಿಸುತ್ತಾರೆ, ಅದಕ್ಕೆ ಕೆರಳುತ್ತಾನೆ ಅಂತ ನಾನು ಅಂದುಕೊಂಡಿದ್ದೆ, ಒಳಗೊಳಗೆ ಸಿಟ್ಟೂ ಇತ್ತು. ನೋಡಿದರೆ ವಾಪಸ್ ಬರುವ ಬಸ್ಸಿನಲ್ಲಿ 4.30ರಿಂದ 5.45ರ ತನಕ ನನ್ನ ಮಡಿಲಲ್ಲೇ ನಿದ್ದೆ ಮಾಡುತ್ತಿದ್ದಾನೆ. ಆ ಹೊತ್ತಿಗೆ ನನಗೂ ಕಣ್ಣು ಹೋಗುತ್ತದೆ, ಹಾಗಾಗಿ ಅದನ್ನು ನಿದ್ದೆ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇನ್ನೊಂದು ವಿಷಯ. ಮಧ್ಯರಾತ್ರಿ ಎದ್ದದ್ದು 8 ರಾತ್ರಿ. ಅದರಲ್ಲಿ 5 ರಾತ್ರಿ ಕರೆಂಟ್ ಹೋಗಿತ್ತು. ಫ್ಯಾನ್ ನಿಂತು ಸೆಕೆಗೆ ಏಳುತ್ತಾನೆ ಅಂದರು ಇವರು. ಈ ಮಳೆಗಾಲದಲ್ಲಿ ಎಂತ ಸೆಕೆ? ಬೇರೆ 2 ರಾತ್ರಿಯೂ ಕರೆಂಟ್ ಹೋಗಿತ್ತು, ಆದರೆ ಏಳಲಿಲ್ಲ. ಆ ಎರಡೂ ರಾತ್ರಿ ಮಳೆ ಜೋರು, ನಮ್ಮ ಕೋಣೆಯ ಮೇಲೆ ಶೀಟು, ಧೋ ಅಂತ ಸದ್ದು.

ಓಟಿ ಶ್ರೀಲತಾ, ಕುಂಬಳೆ · ಜುಲೈ 19
ಎಷ್ಟು ಚೆನ್ನಾಗಿ ಬರೆದಿದ್ದೀರಿ. ಅಂದರೆ ಸೆಕೆ ಅಲ್ಲ, ಸದ್ದೂ ಅಲ್ಲ. ಸದ್ದು ತಟ್ಟನೆ ನಿಂತದ್ದು. ಇಂಥ ಕೆಲವು ಮಕ್ಕಳಿಗೆ ಸದ್ದು ಜೋರಾಗಿರುವುದಕ್ಕಿಂತ ಬದಲಾಗುವುದು ಕಷ್ಟ. ಶೀಟಿನ ಮೇಲೆ ಒಂದೇ ಸಮನೆ ಬೀಳುವ ಮಳೆ ಅವನಿಗೆ ಹೊದಿಕೆಯ ಹಾಗೆ ಆಗಿದೆ. ಫ್ಯಾನ್ ನಿಂತಾಗ ಕಪ್ಪೆ, ನಾಯಿ, ಒಳಗಿನ ಕೆಮ್ಮು ಎಲ್ಲ ಒಮ್ಮೆಲೇ ಕಿವಿಗೆ ಬೀಳುತ್ತದೆ. ನಿಮ್ಮ ಥೆರಪಿಸ್ಟ್ ಏನು ಹೇಳಿದರು?

ವಿದ್ಯಾ, ನೀರ್ಚಾಲು · ಜುಲೈ 20
ಒಂದು ವಾರ ಮೂರೇ ಬದಲಾವಣೆ ಅಂದರು. ಕರೆಂಟ್ ಹೋದರೂ ನಿಲ್ಲದ ರೀಚಾರ್ಜ್ ಫ್ಯಾನ್ ಒಂದನ್ನು ಗೋಡೆಯ ಕಡೆಗೆ ತಿರುಗಿಸಿ ಇಡೀ ರಾತ್ರಿ ಬಿಡಬೇಕು, ಗಾಳಿಗಲ್ಲ, ಸದ್ದಿಗೆ. ಥೆರಪಿಯನ್ನು ಬೆಳಿಗ್ಗೆ 10.30ಕ್ಕೆ ಹಾಕಿಕೊಟ್ಟರು, ಬಸ್ಸಿನಲ್ಲಿ ಮಲಗಿದರೂ ಮಧ್ಯಾಹ್ನ 2ರ ಒಳಗೆ ಮುಗಿಯಲಿ ಅಂತ. ಮತ್ತೆ ರಾತ್ರಿಯ ಸ್ನಾನವನ್ನು ಸಂಜೆ 5.30ಕ್ಕೆ ತರಬೇಕು.

ಸ್ನಾನದ ವಿಷಯದಲ್ಲಿ ಅತ್ತೆಗೆ ಬೇಸರವಾಗಿದೆ. ಬಿಸಿನೀರು ಹೊಯ್ದರೆ ಮಕ್ಕಳಿಗೆ ನಿದ್ದೆ ಬರುತ್ತದೆ ಅಂತ ಅವರು ಹೇಳುವುದು ಸುಳ್ಳಲ್ಲ ಅಲ್ವಾ?

ಓಟಿ ಶ್ರೀಲತಾ, ಕುಂಬಳೆ · ಜುಲೈ 20
ಸುಳ್ಳಲ್ಲ. ಮಲಗುವ ಒಂದೆರಡು ಗಂಟೆ ಮೊದಲು ಬೆಚ್ಚಗಿನ ನೀರಿನ ಸ್ನಾನ ಮಾಡಿದರೆ ಆಮೇಲೆ ಮೈ ತಣಿಯುತ್ತದೆ, ಆ ತಣಿಯುವುದೇ ನಿದ್ದೆ ತರುತ್ತದೆ. ಆದರೆ ಅದು ಸ್ನಾನ ಇಷ್ಟಪಡುವ ಮಗುವಿಗೆ. ನಿಮ್ಮ ಮಗನಿಗೆ ಚೊಂಬಿನಿಂದ ತಲೆಗೆ ಹೊಯ್ಯುವ ನೀರು ಅಂದರೆ ಹೊಡೆತದ ಹಾಗೆ. ಅರ್ಧ ಗಂಟೆ ಕಿರುಚಿದ ಮೈ ಇಳಿದು ಶಾಂತವಾಗಲಿಕ್ಕೆ ಹೊತ್ತು ಬೇಕು.

ಎಣ್ಣೆಯದೂ ಹಾಗೇ. ಅಂಟು ಅಂಟಾದ ಎಣ್ಣೆ, ಮೆಲ್ಲಗೆ ಸವರುವ ಬೆರಳು, ಎರಡೂ ಅವನಿಗೆ ಕಚಗುಳಿ ಇಟ್ಟ ಹಾಗೆ. ಬಟ್ಟೆಯ ಮೇಲಿಂದಲೇ ಇಡೀ ಅಂಗೈ ಇಟ್ಟು ಭುಜದಿಂದ ಕೆಳಗೆ ನಿಧಾನ ಒತ್ತುತ್ತಾ ಬರುವುದು ಬೇರೆ. ಅತ್ತೆಗೆ ಅದನ್ನೇ ಕೊಡಿ, ಅವರ ಕೈ ಅವನಿಗೆ ಗುರುತಿದೆಯಲ್ಲ. ಎಳೆದುಕೊಂಡರೆ ಬಿಟ್ಟುಬಿಡಬೇಕು. ತಾನೇ ಕೈಗೆ ಬೆನ್ನು ಕೊಟ್ಟರೆ ಮುಂದುವರಿಸಬಹುದು. ಎಷ್ಟು ಒತ್ತಬೇಕು ಅಂತ ನಿಮ್ಮ ಥೆರಪಿಸ್ಟ್ ಎದುರಿಗೆ ಒಮ್ಮೆ ಮಾಡಿ ತೋರಿಸಿಕೊಳ್ಳಿ.

ಜಯಂತಿ ಟೀಚರ್, ಅಡೂರು · ಜುಲೈ 22
ನಾನು ವಿಶೇಷ ಮಕ್ಕಳ ಬಡ್ಸ್ ಶಾಲೆಯಲ್ಲಿ ಕಲಿಸುತ್ತೇನೆ. ವಿದ್ಯಾ, ಮಲಗುವ ಹೊತ್ತಾಯಿತು ಅಂತ ಅವನಿಗೆ ಹೇಗೆ ಹೇಳುತ್ತೀರಿ?

ವಿದ್ಯಾ, ನೀರ್ಚಾಲು · ಜುಲೈ 22
ಚಿತ್ರದ ಚೀಟಿ ಗೋಡೆಗೆ ಅಂಟಿಸಿದ್ದೆ ಟೀಚರ್. ಹಲ್ಲುಜ್ಜುವುದು, ಹಾಸಿಗೆ, ಚಂದ್ರ. ಹರಿದು ತಿಂದ.

ಜಯಂತಿ ಟೀಚರ್, ಅಡೂರು · ಜುಲೈ 22
ಹಾಗಾದರೆ ಚಿತ್ರ ಅಂದರೆ ಏನು ಅಂತ ಅವನಿಗೆ ಇನ್ನೂ ಹತ್ತಿಲ್ಲ. ಚಂದ್ರನ ಚಿತ್ರಕ್ಕೂ ಮಲಗುವುದಕ್ಕೂ ಏನು ಸಂಬಂಧ ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ವಸ್ತುವನ್ನೇ ಕೈಗೆ ಕೊಡಿ. ಒಂದು ತಟ್ಟೆಯಲ್ಲಿ ಮೂರು ಸಾಕು: ಅವನ ಬ್ರಷ್, ರಾತ್ರಿ ಹಾಕುವ ಅಂಗಿ, ತಲೆದಿಂಬಿನ ಹಳೆಯ ಕವರು. ದಿನಾ ಅದೇ ವಸ್ತು, ಅದೇ ಸಾಲು. ಒಂದು ಕೆಲಸ ಮುಗಿದ ಕೂಡಲೇ ಅವನ ಕೈಯಿಂದಲೇ ಡಬ್ಬಿಗೆ ಹಾಕಿಸಿ, ಮುಚ್ಚಳ ಹಾಕಿ. ಕೊನೆಗೆ ಕವರು ಮಾತ್ರ ಕೈಯಲ್ಲಿ ಉಳಿಯುತ್ತದೆ, ಅದನ್ನು ಹಿಡಿದುಕೊಂಡೇ ಹಾಸಿಗೆಗೆ. ನಮ್ಮಲ್ಲಿ ಒಬ್ಬನಿಗೆ ಇದು ಹತ್ತಲಿಕ್ಕೆ 3 ವಾರ ಬೇಕಾಯಿತು, ಇನ್ನೊಬ್ಬನಿಗೆ ಹತ್ತಲೇ ಇಲ್ಲ.

ವಿದ್ಯಾ, ನೀರ್ಚಾಲು · ಜುಲೈ 28
ಒಂದು ವಾರವಾಯಿತು. ಮಧ್ಯರಾತ್ರಿ ಎದ್ದದ್ದು 2 ಸಲ ಮಾತ್ರ. ಆದರೆ ನಿದ್ದೆ ಬರುವುದು ಈಗಲೂ 10.30ಕ್ಕೇ. ಇವತ್ತಿನಿಂದ ಎರಡನೇ ಭಾಗ. ಮಲಗಿಸುವ ಹೊತ್ತನ್ನೇ 10.30 ಮಾಡಬೇಕಂತೆ! ಅಲ್ಲಿಯ ತನಕ ಹಾಸಿಗೆಯ ಕೋಣೆಗೇ ಹೋಗಬಾರದು, ಚಾವಡಿಯಲ್ಲಿ ಸಣ್ಣ ದೀಪ ಹಾಕಿ ಸುಮ್ಮನೆ ಇರಬೇಕು. ಬೆಳಿಗ್ಗೆ ಏನೇ ಆದರೂ 6.30ಕ್ಕೆ ಎಬ್ಬಿಸಬೇಕು. ಎರಡು ರಾತ್ರಿ ಒಂದೇ ಸಮನೆ 15 ನಿಮಿಷದ ಒಳಗೆ ನಿದ್ದೆ ಬಂದರೆ ಮರುದಿನದಿಂದ 15 ನಿಮಿಷ ಬೇಗ ಮಲಗಿಸುವುದು. ಬರದಿದ್ದರೆ ಅಲ್ಲೇ ನಿಲ್ಲಬೇಕು. ಜೋಕಾಲಿ 10 ನಿಮಿಷ, ಒಂದೇ ದಿಕ್ಕಿನಲ್ಲಿ ನಿಧಾನ, ಆಮೇಲೆ ಎಚ್ಚರ ಇರುವಾಗಲೇ ಇಳಿಸಿ ಹಾಸಿಗೆಗೆ. ತೂಗಿ ನಿದ್ದೆ ಮಾಡಿಸಿದರೆ ರಾತ್ರಿ ಕಣ್ಣು ಬಿಟ್ಟಾಗ ಜೋಕಾಲಿ ಎಲ್ಲಿ ಅಂತ ಹುಡುಕುತ್ತಾನಂತೆ. ಇಷ್ಟು ದಿನ ಅದೇ ಆಗುತ್ತಿದ್ದದ್ದು.

ಮಗುವನ್ನು ಹತ್ತೂವರೆ ತನಕ ಎಚ್ಚರ ಇಡುವುದು ಯಾವ ಬುದ್ಧಿ ಅಂತ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ.

ಈಶ್ವರ, ಪೆರ್ಲ · ಜುಲೈ 28
ಒಂದು ನಿಮಿಷ. ಇದನ್ನು ಓದಿ ಬೇರೆಯವರು ಮಾಡುವ ಮೊದಲು ಹೇಳುತ್ತೇನೆ. ನನ್ನ ಮಗನಿಗೆ ಅಪಸ್ಮಾರ ಉಂಟು. ಎರಡು ವರ್ಷದ ಹಿಂದೆ ಯಾರೋ ಹೇಳಿದರು ಅಂತ ನಾವೇ ಹೀಗೆ ಲೇಟಾಗಿ ಮಲಗಿಸಲು ಹೋಗಿ, ನಾಲ್ಕನೇ ದಿನ ಬೆಳಿಗ್ಗೆ ಫಿಟ್ಸ್ ಬಂತು. ನಿದ್ದೆ ಕಡಿಮೆಯಾದರೆ ಬರುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು.

ಓಟಿ ಶ್ರೀಲತಾ, ಕುಂಬಳೆ · ಜುಲೈ 28
ಈಶ್ವರಣ್ಣ, ಇದನ್ನು ನಾನೇ ಮೊದಲು ಬರೆಯಬೇಕಿತ್ತು. ಫಿಟ್ಸ್ ಬಂದ ಮಕ್ಕಳಿಗೆ ನರರೋಗ ಡಾಕ್ಟರ ಒಪ್ಪಿಗೆ ಇಲ್ಲದೆ ಇದನ್ನು ಮಾಡಲೇಬಾರದು. ಒಮ್ಮೆ ಜ್ವರದಲ್ಲಿ ಬಂದಿದ್ದರೂ ಕೇಳಿಯೇ ಮಾಡಿ.

ವಿದ್ಯಾ, ಮನೆಯವರಿಗೆ ಹೀಗೆ ಹೇಳಿ. ಈಗಲೂ ಅವನು ಮಲಗುತ್ತಿರುವುದು 10.30ಕ್ಕೇ, ನಾವು ಒಂದು ನಿಮಿಷದ ನಿದ್ದೆಯನ್ನೂ ಕಸಿದುಕೊಳ್ಳುತ್ತಿಲ್ಲ. ಆ ಎರಡು ಗಂಟೆಯ ಜಗಳವನ್ನು ಮಾತ್ರ ತೆಗೆಯುತ್ತಿದ್ದೇವೆ. ಹಾಗಂತ ಇದು ಅಲ್ಲೇ ನಿಲ್ಲಬಾರದು. 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. 10.30ರಿಂದ 6.30 ಅಂದರೆ ರಾತ್ರಿ 8 ಗಂಟೆಯೇ ಆಯಿತು. ನಾನಾದರೆ 10.30ಕ್ಕೆ ಇನ್ನೂ ಅರ್ಧ ಗಂಟೆ ಸೇರಿಸಿ ಶುರು ಮಾಡುತ್ತಿದ್ದೆ, ಹಾಗೆ ಮಾಡುವವರೂ ಇದ್ದಾರೆ. ಆದರೆ ಮಗುವನ್ನು ನೋಡಿದವರು ಅವರು. ಅವರು ಹೇಳಿದ ಹಾಗೆಯೇ ಮಾಡಿ.

ವಿದ್ಯಾ, ನೀರ್ಚಾಲು · ಆಗಸ್ಟ್ 16
ತಡವಾಗಿ ಬರೆಯುತ್ತಿದ್ದೇನೆ. ಮೊದಲ ಎರಡು ರಾತ್ರಿ 10.40ಕ್ಕೆ ನಿದ್ದೆ. ನನಗೆ ನಂಬಲಿಕ್ಕೇ ಆಗಲಿಲ್ಲ, ಉಸಿರಾಡುತ್ತಿದ್ದಾನಾ ಅಂತ ಮೂಗಿನ ಹತ್ತಿರ ಬೆರಳು ಇಟ್ಟು ನೋಡಿದೆ. ಮತ್ತೆ 10.15, 10, 9.45 ತನಕ ಬಂದೆವು.

ಕಷ್ಟವಾದದ್ದು ರಾತ್ರಿ ಅಲ್ಲ ಮಾರಾಯ್ರೆ, ಬೆಳಿಗ್ಗೆ. ಹೊರಗೆ ಮಳೆ, ಮಗು ಒಳ್ಳೆಯ ನಿದ್ದೆಯಲ್ಲಿ, ಎಬ್ಬಿಸಬೇಕು ಅಂದರೆ ಕರುಳು ಚುರ್ ಅನ್ನುತ್ತದೆ. ಒಂದು ಭಾನುವಾರ 8.30ರ ತನಕ ಬಿಟ್ಟೆವು. ಆ ರಾತ್ರಿ 11ಕ್ಕೆ ನಿದ್ದೆ. ಈಗ ಆ ಕೆಲಸ ಇವರದು, 6.30ಕ್ಕೆ ಎತ್ತಿಕೊಂಡು ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿಸುತ್ತಾರೆ. ಹುಲ್ಲಿನ ಕಟ್ಟು ಹೊರುವುದು ಅವನಿಗೆ ಇಷ್ಟ.

ಕಳೆದ ವಾರ ಪಕ್ಕದ ಮನೆಯಲ್ಲಿ ತಾಳಮದ್ದಳೆ. ಚೆಂಡೆಯ ಸದ್ದಿಗೆ ಕಿವಿ ಮುಚ್ಚಿ ಮಂಚದ ಅಡಿಗೆ ಹೋದ. ಬೇಡ ಅಂತ ಅವರಿಗೆ ಹೇಳಲಿಕ್ಕಾಗುತ್ತದಾ? ಅದು ಕಳೆದು ಮೂರು ರಾತ್ರಿ ಪೂರ್ತಿ ಕೆಟ್ಟಿತು. ಪುನಃ 10ಕ್ಕೆ ಬಂದು ಶುರು ಮಾಡಿದ್ದೇವೆ.

ಕಮಲಾಕ್ಷಿ, ಮುಳ್ಳೇರಿಯ · ಆಗಸ್ಟ್ 16
ಅಂಥ ದಿನ ಮಗುವನ್ನು ಅಜ್ಜಿಮನೆಗೆ ಕರೆದುಕೊಂಡು ಹೋಗಬಹುದಿತ್ತಲ್ಲ.

ಓಟಿ ಶ್ರೀಲತಾ, ಕುಂಬಳೆ · ಆಗಸ್ಟ್ 17
ಹೊಸ ಜಾಗದಲ್ಲಿ ಇನ್ನೂ ಕಷ್ಟ ಆಗಬಹುದು ಅಮ್ಮ. ಆದರೆ ಆ ಫ್ಯಾನು, ಆ ದಿಂಬಿನ ಕವರು ಎರಡನ್ನೂ ಹಿಡಿದುಕೊಂಡು ಹೋದರೆ ಆದೀತು, ಮಾಡಿ ನೋಡಿದರೆ ಗೊತ್ತಾಗುವುದು. ವಿದ್ಯಾ, ಒಂದು ಹೆಜ್ಜೆ ಹಿಂದಕ್ಕೆ ಬಂದದ್ದು ಸರಿ. ಅಂಥ ರಾತ್ರಿ ಅಥವಾ ಜ್ವರ ಬಂದಾಗ ಇನ್ನೂ ಬೇಗ ಮಲಗಿಸಲಿಕ್ಕೆ ಹೋಗಬೇಡಿ.

ಹರೀಶ, ಉಪ್ಪಳ · ಆಗಸ್ಟ್ 17
ಇಷ್ಟೆಲ್ಲ ಮಾಡುವ ಬದಲು ಹೊದಿಕೆ ಒಮ್ಮೆ ಹಾಕಿ ನೋಡಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಗೀತಾ, ಬದಿಯಡ್ಕ · ಆಗಸ್ಟ್ 17
ಹೊದಿಕೆ ಹಾಕಿದರೆ ಬಸ್ಸಿನ ನಿದ್ದೆ ಎಲ್ಲಿ ಹೋಗುತ್ತಿತ್ತು ಹರೀಶಣ್ಣ?

ವಿದ್ಯಾ, ನೀರ್ಚಾಲು · ಸೆಪ್ಟೆಂಬರ್ 7
ಈಗ 9.15ಕ್ಕೆ ಮಲಗಿಸುತ್ತೇವೆ, ಹೆಚ್ಚಿನ ದಿನ 9.30ರ ಒಳಗೆ ನಿದ್ದೆ. ಮಧ್ಯಾಹ್ನ ಮುಕ್ಕಾಲು ಗಂಟೆ. 9 ಮಾಡಲಿಕ್ಕೆ ಎರಡು ಸಲ ನೋಡಿದೆವು, ಎರಡೂ ಸಲ 40 ನಿಮಿಷ ಹೊರಳಾಡಿದ. ಇನ್ನೂ ಪ್ರಯತ್ನ ಮಾಡಬೇಕಾ?

ನಾನು ಪಕ್ಕದಲ್ಲಿ ಕೂತು ಬೆನ್ನ ಮೇಲೆ ಅಂಗೈ ಇಡುತ್ತೇನೆ. ಕೈ ತೆಗೆದು ಸುಮ್ಮನೆ ಕೂರುವುದು ಮುಂದಿನ ಹಂತವಂತೆ, ಆಮೇಲೆ ಬಾಗಿಲ ಹತ್ತಿರ. ಅತ್ತೆ ಒಪ್ಪುವುದಿಲ್ಲ. ನಮ್ಮಲ್ಲಿ ಯಾವ ಮಗು ಒಂಟಿಯಾಗಿ ಮಲಗಿದ್ದು ಅಂತ ಕೇಳುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸುತ್ತದೆ.

ಓಟಿ ಶ್ರೀಲತಾ, ಕುಂಬಳೆ · ಸೆಪ್ಟೆಂಬರ್ 7
9.15ಕ್ಕೆ ನಿಲ್ಲಿಸುವ ಬಗ್ಗೆ ನಿಮ್ಮ ಥೆರಪಿಸ್ಟ್ ಹತ್ತಿರ ಕೇಳಿ. ರಾತ್ರಿ 9 ಗಂಟೆ, ಹಗಲು ಮುಕ್ಕಾಲು, 10ರ ಹತ್ತಿರ ಬಂತು. ಹಗಲಲ್ಲಿ ಅವನು ಹೇಗಿದ್ದಾನೆ ಅನ್ನುವುದು ಮುಖ್ಯ. ತೂಕಡಿಸುತ್ತಿದ್ದರೆ ಸಾಲದು ಅಂತ ಅರ್ಥ.

ಪಕ್ಕದಲ್ಲಿ ಮಲಗುವುದು ತಪ್ಪಲ್ಲ. ನಡುರಾತ್ರಿ ಎದ್ದಾಗಲೂ ನೀವು ಅಲ್ಲೇ ಇರುತ್ತೀರಿ ಅಂತಾದರೆ ಅವನಿಗೆ ಏನೂ ಬದಲಾಗಿಲ್ಲ. ಅವನು ಮಲಗಿದ ಮೇಲೆ ನೀವು ಎದ್ದು ಹೋಗುವವರಾದರೆ ಮಾತ್ರ ಆ ಹಂತ ಬೇಕು. ನನ್ನ ಜೊತೆ ಕೆಲಸ ಮಾಡುವ ಕೆಲವರು ಇದನ್ನು ಒಪ್ಪುವುದಿಲ್ಲ, ಮುಂದೆ ಶಾಲೆ, ಆಸ್ಪತ್ರೆ ಅಂತ ಬಂದಾಗ ಕಷ್ಟ ಆಗುತ್ತದೆ ಅನ್ನುತ್ತಾರೆ.

ಜಯಂತಿ ಟೀಚರ್, ಅಡೂರು · ಸೆಪ್ಟೆಂಬರ್ 7
ಡಬ್ಬಿ ಏನಾಯಿತು?

ವಿದ್ಯಾ, ನೀರ್ಚಾಲು · ಸೆಪ್ಟೆಂಬರ್ 8
ಬ್ರಷ್ ಮತ್ತು ಅಂಗಿ ಇನ್ನೂ ನಾನೇ ಹಾಕಿಸಬೇಕು ಟೀಚರ್. ಆದರೆ ಮೊನ್ನೆ 9 ಗಂಟೆಗೆ ದಿಂಬಿನ ಕವರನ್ನು ತಾನೇ ತಟ್ಟೆಯಿಂದ ತೆಗೆದುಕೊಂಡು ಬಂದು ಅತ್ತೆಯ ಮಡಿಲಲ್ಲಿ ಇಟ್ಟ.

ಹರೀಶ, ಉಪ್ಪಳ · ಸೆಪ್ಟೆಂಬರ್ 8
ಆ ರೀಚಾರ್ಜ್ ಫ್ಯಾನ್ ಬೆಳಿಗ್ಗೆ ತನಕ ಬರುತ್ತದಾ? ನಮ್ಮಲ್ಲಿ ಇದ್ದದ್ದು 3 ಗಂಟೆಗೆ ಸತ್ತುಹೋಗುತ್ತದೆ.

ವಿದ್ಯಾ, ನೀರ್ಚಾಲು · ಸೆಪ್ಟೆಂಬರ್ 8
ವಯರ್ ಚುಚ್ಚಿಯೇ ಇಡುತ್ತೇವೆ ಅಣ್ಣ, ಕರೆಂಟ್ ಇರುವಷ್ಟು ಹೊತ್ತು ಅದರಲ್ಲೇ ಓಡುತ್ತದೆ. ಹೋದಾಗ ಮಾತ್ರ ಬ್ಯಾಟರಿ. ಸ್ಪೀಡು ಒಂದರಲ್ಲೇ ಇಡಿ. ನಿಮ್ಮದರಲ್ಲಿ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವಾಗ ಸದ್ದು ಇಳಿಯುತ್ತದಾ ಅಂತ ಮೊದಲು ಹಗಲಲ್ಲೇ ಸ್ವಿಚ್ ಆರಿಸಿ ಕೇಳಿ ನೋಡಿ, ನಾವು ಮೊದಲು ತಂದದ್ದನ್ನು ಅದಕ್ಕೇ ವಾಪಸ್ ಕೊಟ್ಟದ್ದು.